‘ಮೇಲೆ’ ಎಂಬ ಮಾತಿನ ಮೂರು ಲೆಕ್ಕ

2025ರ ಚೌತಿ ಆಗಸ್ಟ್ 27ಕ್ಕಿತ್ತು. ಅದಕ್ಕೆ ಎರಡು ವಾರ ಮೊದಲು ಮುಂಬಯಿಯ ಪವಾಯಿಯಲ್ಲಿ ನಮ್ಮೂರ ದಿನಸಿ ಮಾರುವ ಪರಿಚಯದ ಅಂಗಡಿಯವರು ಒಂದು ಕರಪತ್ರ ತಂದು ಕೈಗಿತ್ತರು. ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದರಲ್ಲಿ ಇಂಗ್ಲಿಷ್. ‘ಕಾಗುಣಿತ ನೋಡಿ ಕೊಡಿ ಸಾಕು’ ಎಂದರು. ಕಾಗುಣಿತ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಲೆಕ್ಕ.

ಕನ್ನಡದಲ್ಲಿ ‘500 ರೂ. ಮೇಲೆ 10% ರಿಯಾಯಿತಿ’ ಎಂದಿತ್ತು. 620 ರೂಪಾಯಿಯ ಬಿಲ್ಲಿಗೆ ಇದನ್ನು ಹಚ್ಚಿ ನೋಡಿ. ಬಿಲ್ಲು 500 ದಾಟಿದ್ದರಿಂದ ಪೂರ್ತಿ ಮೊತ್ತಕ್ಕೆ ರಿಯಾಯಿತಿ ಎಂದು ಓದಿದರೆ 62 ರೂಪಾಯಿ ಬಿಡಬೇಕು. 500ರ ಮೇಲಿನ 120ಕ್ಕೆ ಮಾತ್ರ ಎಂದು ಓದಿದರೆ 12 ರೂಪಾಯಿ. ‘500ರ ಮೇಲೆ ಶೇಕಡಾ ಹತ್ತು’ ಎಂದು ಬಡ್ಡಿಯ ಲೆಕ್ಕದಂತೆ ಓದಿದರೆ 50. ಮೂರೂ ಒಳ್ಳೆಯ ಕನ್ನಡವೇ. ಇಂಗ್ಲಿಷ್ ಮಗ್ಗುಲಲ್ಲಿ ‘ಅಬವ್ 500’ ಎಂದಿದ್ದುದರಿಂದ ಬೇರೊಂದು ತೊಡಕು: ಸರಿಯಾಗಿ 500ರ ಬಿಲ್ಲು ಮಾಡಿದವನಿಗೆ ಏನೂ ಸಿಗುವುದಿಲ್ಲ. ಅಂಗಡಿಯವರ ಮನಸ್ಸಿನಲ್ಲಿ ಇದ್ದದ್ದೇ ಬೇರೆ: 500 ಆದರೂ ಸರಿ, ಹೆಚ್ಚಾದರೂ ಸರಿ, ಪೂರ್ತಿ ಬಿಲ್ಲಿಗೆ ಹತ್ತು. ಹಾಗಾಗಿ ‘ಬಿಲ್ಲು 500 ರೂ. ಅಥವಾ ಹೆಚ್ಚಾದರೆ, ಪೂರ್ತಿ ಬಿಲ್ಲಿಗೆ 10% ಬಿಡುತ್ತೇವೆ’ ಎಂದು ಬರೆದೆ. ಇಂಗ್ಲಿಷಿನಲ್ಲಿ ‘ಅಬವ್’ ಹೋಗಿ ‘500 ಆರ್ ಮೋರ್’, ‘ಆನ್ ದ ಹೋಲ್ ಬಿಲ್’ ಬಂದವು.

ಮುಂಬಯಿಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಇಲ್ಲಿನ ಕನ್ನಡ ಮನೆಗಳಲ್ಲಿ ಎರಡು ಮಗ್ಗುಲಿಗೂ ಓದುಗರಿರುತ್ತಾರೆ. ಕನ್ನಡ ಓದುವುದು ಅಜ್ಜಿ, ಇಂಗ್ಲಿಷ್ ಓದುವುದು ಮೊಮ್ಮಗ, ಸಾಮಾನಿಗೆ ಬರುವುದು ಇಬ್ಬರೂ ಒಟ್ಟಿಗೆ. ಎರಡು ಮಗ್ಗುಲ ವ್ಯತ್ಯಾಸ ಗಲ್ಲಾದ ಮುಂದೆಯೇ ಬಯಲಾಗುತ್ತದೆ.

ಪದದ ವಿಷಯದಲ್ಲೂ ಒಂದು ಕಡೆ ನಿಲ್ಲಬೇಕಾಯಿತು. ಇಂಗ್ಲಿಷಿನ ‘ಚಿಲ್ಲಿ ಪೌಡರ್’ಗೆ ಕನ್ನಡದಲ್ಲಿ ‘ಮೆಣಸಿನ ಪುಡಿ’ ಎಂದಿತ್ತು. ಅಂಗಡಿಯವರು ಉಡುಪಿ ಕಡೆಯವರು; ಅವರಿಗೆ ಮೆಣಸು ಎಂದರೆ ಕೆಂಪು ಮೆಣಸೇ. ಮೈಸೂರು ಕಡೆಯಿಂದ ಬಂದವರು ಅದನ್ನೇ ಕಾಳುಮೆಣಸು ಎಂದು ತಿಳಿಯುತ್ತಾರೆ. ‘ಬ್ಯಾಡಗಿ ಕೆಂಪು ಮೆಣಸಿನ ಪುಡಿ’ ಎಂದು ಬರೆದಾಗ ಎರಡೂ ಕಡೆಯವರಿಗೆ ಒಂದೇ ಡಬ್ಬಿ ಕಣ್ಣಿಗೆ ಬರುತ್ತದೆ.

ಧಾಟಿಯಂತೂ ಎರಡು ಬೇರೆ ಅಂಗಡಿಗಳದ್ದೇ ಎನ್ನುವಂತಿತ್ತು. ಕನ್ನಡ ಮಗ್ಗುಲು ಮದುವೆಯ ಕರೆಯೋಲೆಯಂತೆ ‘ತಮ್ಮ ಶುಭಾಗಮನವನ್ನು’ ಬಯಸುತ್ತಿತ್ತು. ಇಂಗ್ಲಿಷ್ ಮಗ್ಗುಲು ‘ಹರಿ! ಗ್ರ್ಯಾಬ್ ನೌ!’ ಎಂದು ಕೂಗುತ್ತಿತ್ತು. ಅಂಗಡಿಯವರು ಗಿರಾಕಿಗಳೊಂದಿಗೆ ಮಾತಾಡುವುದು ಇವೆರಡರಲ್ಲಿ ಯಾವ ಬಗೆಯಲ್ಲೂ ಅಲ್ಲ. ‘ಚೌತಿಯ ಸಾಮಾನು ಬಂದಿದೆ, ಬನ್ನಿ’ ಎನ್ನುವುದು ಅವರ ಬಾಯಿಯ ಮಾತು. ಅದನ್ನೇ ಇಟ್ಟು, ಇಂಗ್ಲಿಷನ್ನೂ ಅದೇ ಮಟ್ಟಕ್ಕೆ ಇಳಿಸಿದೆ. ರಿಯಾಯಿತಿ ‘ಚೌತಿಯವರೆಗೆ’ ಎಂದಿತ್ತು; ಅದರಲ್ಲಿ ಹಬ್ಬದ ದಿನ ಸೇರಿದೆಯೋ ಇಲ್ಲವೋ ತಿಳಿಯದು. ಎರಡು ಮಗ್ಗುಲಲ್ಲೂ ‘ಆಗಸ್ಟ್ 26, ರಾತ್ರಿ 9 ಗಂಟೆವರೆಗೆ’ ಎಂದಾಯಿತು.

ತೆಂಗಿನೆಣ್ಣೆಗೂ ಬೆಲ್ಲಕ್ಕೂ ರಿಯಾಯಿತಿ ಇಲ್ಲ ಎಂಬ ಷರತ್ತು ಇಂಗ್ಲಿಷಿನಲ್ಲಿ ಮಾತ್ರ, ಅಡಿಯಲ್ಲಿ ಇರುವೆ ಸಾಲಿನಂತೆ ಕುಳಿತಿತ್ತು. ಕನ್ನಡದಲ್ಲಿ ಬರೀ ‘ಷರತ್ತುಗಳು ಅನ್ವಯಿಸುತ್ತವೆ’. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿರಬೇಕು. ಹಾಗಾಗಿ ಷರತ್ತನ್ನು ಕನ್ನಡದಲ್ಲೂ ಬಿಡಿಸಿ ಬರೆದೆ. ಅಕ್ಷರದ ಗಾತ್ರವನ್ನೂ ನೋಡಬೇಕು. ಇಂಗ್ಲಿಷ್ ಓದಲು ಬರುವಷ್ಟು ಸಣ್ಣ ಗಾತ್ರದಲ್ಲಿ ಕನ್ನಡ ಹಾಕಿದರೆ ಒತ್ತಕ್ಷರಗಳೆಲ್ಲ ಮಸಿಯ ಚುಕ್ಕೆಗಳಾಗುತ್ತವೆ. ಷರತ್ತಿನ ಕನ್ನಡ ಅಕ್ಷರವನ್ನು ನಾನು ಎರಡು ಪಾಯಿಂಟ್ ದೊಡ್ಡದು ಮಾಡಿಸಿದೆ, ಸಾಲುಗಳ ನಡುವೆಯೂ ಜಾಗ ಬಿಡಿಸಿದೆ.

ಮುದ್ರಣಕ್ಕೆ ಮುನ್ನ ನಾನು ಮಾಡುವ ಪರೀಕ್ಷೆ ಒಂದೇ. ಕನ್ನಡ ಮಾತ್ರ ಓದುವ ಒಬ್ಬರಿಗೂ ಇಂಗ್ಲಿಷ್ ಮಾತ್ರ ಓದುವ ಒಬ್ಬರಿಗೂ ಅದೇ ಬಿಲ್ಲುಗಳನ್ನು ಕೊಟ್ಟು, ಎಷ್ಟು ಕೊಡಬೇಕೆಂದು ಕೇಳುವುದು. 499ಕ್ಕೆ 499, 500ಕ್ಕೆ 450, 620ಕ್ಕೆ 558 ಎಂದು ಇಬ್ಬರೂ ಹೇಳಿದರು. ನಾಲ್ಕನೆಯ ಬಿಲ್ಲೂ 620ರದ್ದೇ, ಆದರೆ ಅದರಲ್ಲಿ 200 ರೂಪಾಯಿ ತೆಂಗಿನೆಣ್ಣೆಯದು. ಮೇಲಿನ ಮನೆಯ ಅಜ್ಜಿ ಪೆನ್ನು ಕೆಳಗಿಟ್ಟು, ‘ಎಣ್ಣೆಯ ದುಡ್ಡನ್ನೂ 500ರಲ್ಲಿ ಹಿಡಿಯುವುದಾ ಮಗಾ?’ ಎಂದು ಕೇಳಿದರು. ಇಂಗ್ಲಿಷ್ ಓದಿದ ಐಐಟಿ ಹುಡುಗ ಏನೂ ಕೇಳದೆ 420ಕ್ಕೆ ಹತ್ತು ಪರ್ಸೆಂಟ್ ಕಳೆದು 578 ಎಂದು ಬರೆದಿದ್ದ.

ಅಂಗಡಿಯವರಿಗೆ ಫೋನ್ ಮಾಡಿದೆ. ಅವರೂ ಯೋಚಿಸಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಿಡಿಯುವುದಿಲ್ಲ ಎಂದು ಬರೆಯಿರಿ, ಆದರೆ ಕಾಣುವ ಹಾಗೆ ಬರೆಯಿರಿ’ ಎಂದರು. ‘ಬಿಲ್ಲು’ ಎಂದಿದ್ದ ಎರಡು ಕಡೆಯೂ ‘ತೆಂಗಿನೆಣ್ಣೆ, ಬೆಲ್ಲ ಬಿಟ್ಟು ಉಳಿದ ಸಾಮಾನಿನ ಬಿಲ್ಲು’ ಎಂದಾಯಿತು, ಇಂಗ್ಲಿಷನ್ನೂ ಅದಕ್ಕೆ ಸರಿಯಾಗಿ ತಿದ್ದಿದೆ. ಸಾಲು ಉದ್ದವಾದ್ದರಿಂದ ಗಣಪತಿಯ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಬೇಕಾಯಿತು.