ಪಟಿಕ ಹಾಕಿದರೆ ಬಣ್ಣ ನಿಲ್ಲುತ್ತದೆಯೇ?

ನೈಸರ್ಗಿಕ ಬಣ್ಣದ ಹತ್ತಿಬಟ್ಟೆ ಮಾರುವವರು ಅರಿಶಿನ, ಈರುಳ್ಳಿ ಸಿಪ್ಪೆ, ನೀಲಿ ಮೂರಕ್ಕೂ ಒಂದೇ ಮಾತು ಹೇಳುತ್ತಾರೆ: ಪಟಿಕ ಹಾಕಿದ್ದೇವೆ, ಬಣ್ಣ ಹೋಗುವುದಿಲ್ಲ. ಈರುಳ್ಳಿ ಸಿಪ್ಪೆಯ ಮಟ್ಟಿಗೆ ಇದು ಮುಕ್ಕಾಲು ನಿಜ. ಅರಿಶಿನದ ಮಟ್ಟಿಗೆ ಸುಳ್ಳು. ನೀಲಿಗಂತೂ ಪಟಿಕದ ಗೊಡವೆಯೇ ಇಲ್ಲ.

ಉಣ್ಣೆ, ರೇಷ್ಮೆ ಪಟಿಕವನ್ನು ಸುಲಭವಾಗಿ ಹಿಡಿದುಕೊಳ್ಳುತ್ತವೆ. ಹತ್ತಿ ಹಾಗಲ್ಲ, ಅದಕ್ಕೆ ಮೊದಲು ಚೊಗರು ಉಣಿಸಬೇಕು. ನೂರು ಗ್ರಾಂ ಬಟ್ಟೆ ಇದೆ ಎನ್ನಿ. ವಾಷಿಂಗ್ ಸೋಡಾ ಹಾಕಿ ಚೆನ್ನಾಗಿ ಕುದಿಸಿ ಗಂಜಿ, ಜಿಡ್ಡು ತೆಗೆಯಬೇಕು. ಒಣಗಿದ ಮೇಲೆ ಹನಿ ನೀರು ಬಿಟ್ಟರೆ ತಟ್ಟನೆ ಇಂಗಬೇಕು. ಮೇಲೆಯೇ ನಿಂತರೆ ಮತ್ತೆ ಕುದಿಸಬೇಕು, ಇಲ್ಲವಾದರೆ ಬಣ್ಣ ತೇಪೆತೇಪೆಯಾಗುತ್ತದೆ. ಆಮೇಲೆ 20 ಗ್ರಾಂ ಅಳಲೆಕಾಯಿ ಪುಡಿ ಕದಡಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ, 15 ಗ್ರಾಂ ಪಟಿಕ ಕರಗಿಸಿದ ಬಿಸಿನೀರಿಗೆ ಹಾಕಬೇಕು. ಪಟಿಕದ ಅಲ್ಯೂಮಿನಿಯಂ ಒಂದು ಕೈಯಲ್ಲಿ ಚೊಗರನ್ನೂ ಇನ್ನೊಂದು ಕೈಯಲ್ಲಿ ಬಣ್ಣವನ್ನೂ ಹಿಡಿಯುತ್ತದೆ. ಬಟ್ಟೆಯಷ್ಟೇ ತೂಕದ ಒಣ ಈರುಳ್ಳಿ ಸಿಪ್ಪೆ ಕುದಿಸಿ ಸೋಸಿದ ರಸದಲ್ಲಿ ಮುಕ್ಕಾಲು ಗಂಟೆ ಕಾಯಿಸಿದರೆ ಹೊಂಬಣ್ಣ ಬರುತ್ತದೆ. ಕೊನೆಗೆ ಎರಡೇ ಗ್ರಾಂ ಅನ್ನಭೇದಿಯ ನೀರಿನಲ್ಲಿ ಅದ್ದಿದರೆ ಅದು ಪಾಚಿಹಸಿರಿಗೆ ತಿರುಗುತ್ತದೆ. ಆಸೆಪಟ್ಟು ಹೆಚ್ಚು ಸುರಿದರೆ ಕಬ್ಬಿಣ ನೂಲನ್ನೇ ತಿನ್ನುತ್ತದೆ. ಇಷ್ಟೆಲ್ಲ ಮಾಡಿದರೂ ವರ್ಷಗಟ್ಟಲೆ ಬಿಸಿಲಲ್ಲಿ ಒಣಗಿದ ಬಟ್ಟೆ ಮಾಸುತ್ತದೆ. ಮುಕ್ಕಾಲು ಎಂದದ್ದು ಅದಕ್ಕೇ.

ಅರಿಶಿನದ ಮೋಸ ಬೇರೆ. ಅದು ಪಟಿಕವಿಲ್ಲದೆಯೇ ಹತ್ತಿಗೆ ಬೇಗ ಹತ್ತಿಕೊಳ್ಳುತ್ತದೆ, ಅಂಗಡಿಯಲ್ಲಿ ಕಣ್ಣು ಕುಕ್ಕುತ್ತದೆ. ಆದರೆ ಅದರ ಕುರ್ಕುಮಿನ್ ಬೆಳಕಿಗೇ ಒಡೆದುಹೋಗುತ್ತದೆ. ಪಟಿಕ ನೀರಿನಲ್ಲಿ ಬಣ್ಣ ಬಿಡುವುದನ್ನು ತುಸು ತಡೆದೀತು, ಈ ಒಡೆಯುವಿಕೆಯನ್ನಲ್ಲ. ಒಂದು ತುಂಡಿನ ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಕೆಲವೇ ದಿನಗಳಲ್ಲಿ ಗೆರೆ ಕಾಣುತ್ತದೆ. ಸಾಬೂನು ತಾಗಿದರಂತೂ ಕೆಂಪು ಕಲೆ. ಸುಣ್ಣ ಬೆರೆಸಿ ಆರತಿ ನೀರು ಕದಡುವ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೂಜೆಯ ದಾರಕ್ಕೆ ಅರಿಶಿನ ಸರಿ, ದುಬಾರಿ ಸೀರೆಗೆ ಖಂಡಿತ ಅಲ್ಲ.

ನೀಲಿ ನೀರಿನಲ್ಲಿ ಕರಗುವುದೇ ಇಲ್ಲ. ಬೆಲ್ಲ, ಸುಣ್ಣ ಹಾಕಿ ಹುಳಿಸಿದಾಗ ಅಪಕರ್ಷಣಗೊಂಡು ಹಳದಿ ಹಸಿರಾಗಿ ಕರಗುತ್ತದೆ. ಅದ್ದಿದ ಬಟ್ಟೆ ಗಾಳಿಗೆ ಬಂದೊಡನೆ ನೂಲಿನೊಳಗೇ ಮತ್ತೆ ಕರಗದ ನೀಲಿಯಾಗುತ್ತದೆ. ಕೈಗೆ ಅಂಟಿಕೊಳ್ಳುವ ನೀಲಿ ಮೇಲ್ಮೈಯಲ್ಲೇ ಕೂತದ್ದು. ಒಮ್ಮೆಲೇ ಗಾಢ ಮಾಡಲು ಹೋದವರ ಬಟ್ಟೆಯಲ್ಲಿ ಇದು ಹೆಚ್ಚು. ತೆಳು ತೊಟ್ಟಿಯಲ್ಲಿ ಹಲವು ಸಲ ಅದ್ದಿ, ಚೆನ್ನಾಗಿ ತೊಳೆದರೆ ಕಡಿಮೆ.

ನೀಲಿಯ ಮೇಲೆ ಅರಿಶಿನ ಹಾಕಿ ಮಾಡಿದ ಹಸಿರನ್ನು ಮಾತ್ರ ಕೊಳ್ಳಬೇಡಿ. ಹಳದಿ ಮೊದಲು ಹಾರಿಹೋಗಿ, ನೀವು ಕೊಂಡ ಹಸಿರು ಸೀರೆ ನೀಲಿಯಾಗಿ ಉಳಿಯುತ್ತದೆ. ಹಸಿರೇ ಬೇಕಿದ್ದರೆ ಅರಿಶಿನದ ಬದಲು ದಾಳಿಂಬೆ ಸಿಪ್ಪೆ ಬಳಸಿದ್ದಾರೆಯೇ ಎಂದು ಕೇಳಿ.