ಬಿಸಿ ಕೆಲಸದ ಬೂಟು: ಮೊದಲು ನೋಡಬೇಕಾದ್ದು ಸೋಲ್

ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಲ್ಲಿ ಇರಲಿ, ಮಾಗಡಿ, ಚನ್ನಪಟ್ಟಣದ ಗ್ರಿಲ್ ಅಂಗಡಿಗಳಲ್ಲಿ ಇರಲಿ, ಅಗ್ಗದ ಸೇಫ್ಟಿ ಶೂಗಳ ಸೋಲ್ ಸಾಮಾನ್ಯವಾಗಿ ಪಿಯು, ಅಂದರೆ ಪಾಲಿಯುರೆಥೇನ್. ಇದು ಹಗುರ, ನಡೆಯಲು ಹಿತ. ಆದರೆ ಸುಮಾರು 120ರಿಂದ 150 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗಿ ನೆಲಕ್ಕೆ ಅಂಟತೊಡಗುತ್ತದೆ. ನೈಟ್ರೈಲ್ ರಬ್ಬರ್ ಹಾಗಲ್ಲ. ವಲ್ಕನೀಕರಿಸಿದ ರಬ್ಬರಿಗೆ ಕರಗುವ ಬಿಂದುವೇ ಇಲ್ಲ; ಅತಿ ಬಿಸಿಗೆ ಅದು ಕರಕಲಾಗುತ್ತದೆ.

ಬೂಟಿನ ನಾಲಗೆಯ ಮೇಲೆ ಐಎಸ್ 15298ರ ಜೊತೆ ಎಚ್‌ಆರ್‌ಒ ಎಂಬ ಅಕ್ಷರಗಳಿದ್ದರೆ, ಆ ಸೋಲನ್ನು 300 ಡಿಗ್ರಿಯಲ್ಲಿ ಒಂದು ನಿಮಿಷ ಒತ್ತಿಟ್ಟು ಪರೀಕ್ಷಿಸಲಾಗಿದೆ ಎಂದರ್ಥ. ಕರಗಬಾರದು, ಬಗ್ಗಿಸಿದಾಗ ಬಿರುಕೂ ಬಿಡಬಾರದು. ಇದು ಸೋಲಿನ ಭರವಸೆ ಮಾತ್ರ, ಪಾದದ್ದಲ್ಲ. ಒಳಗೆ ಬಿಸಿ ಏರದಿರಲು ಎಚ್‌ಐ ಗುರುತು ಬೇಕು: 150 ಡಿಗ್ರಿ ಮರಳಿನ ಮೇಲೆ ಅರ್ಧ ಗಂಟೆ ಇಟ್ಟರೂ ಒಳತಾಪ 22 ಡಿಗ್ರಿಗಿಂತ ಹೆಚ್ಚು ಏರಕೂಡದು. ಗ್ಯಾಸ್ ಕಟಿಂಗ್‌ನಲ್ಲಿ ಆಗಷ್ಟೇ ಬಿದ್ದ ಕೆಂಪು ತುಂಡಿನ ಬಿಸಿ 300 ಡಿಗ್ರಿಯನ್ನು ಎಷ್ಟೋ ಮೀರಿರುತ್ತದೆ; ಅದನ್ನು ತುಳಿಯಲು ಯಾವ ಬೂಟೂ ಪರವಾನಗಿ ಕೊಡುವುದಿಲ್ಲ. ಕೆಲವು ಬೂಟುಗಳಲ್ಲಿ ಕೆಳಗೆ ರಬ್ಬರ್, ಮಧ್ಯೆ ಪಿಯು ಇರುತ್ತದೆ. ಅಂಚನ್ನು ಪಕ್ಕದಿಂದ ನೋಡಿದರೆ ಎರಡು ಪದರ ಕಾಣುತ್ತವೆ. ಬದಿಗೆ ತಾಗಿದ ಕಿಡಿ ಮೊದಲು ಸುಡುವುದು ಆ ಮಧ್ಯದ ಪದರವನ್ನೇ.

ಸ್ಟೀಲ್ ಟೋ ಬೆರಳುಗಳನ್ನು 200 ಜೌಲ್ ಪೆಟ್ಟಿನಿಂದ ಕಾಯುತ್ತದೆ. ಅದರ ಹಿಂದಿನ ಪಾದದ ಮೂಳೆಗಳು ಬಯಲಲ್ಲೇ ಉಳಿಯುತ್ತವೆ. ಅಲ್ಲಿಗೆ ಮೆಟಾಟಾರ್ಸಲ್ ಗಾರ್ಡ್ ಬೇಕು. ಎಂ ಗುರುತಿನ ಪರೀಕ್ಷೆ 100 ಜೌಲಿನದು. 50 ಎಂಎಂ ಅಗಲ, 6 ಎಂಎಂ ದಪ್ಪದ ಆ್ಯಂಗಲ್ ಮೀಟರಿಗೆ ನಾಲ್ಕೂವರೆ ಕೆಜಿ ತೂಗುತ್ತದೆ. ಆರು ಮೀಟರಿನ ಇಡೀ ಉದ್ದ 27 ಕೆಜಿ. ಅದು ಅರ್ಧ ಮೀಟರ್ ಎತ್ತರದಿಂದ ಪೂರ್ತಿ ಪಾದದ ಮೇಲೆ ಬಿದ್ದರೆ ಪೆಟ್ಟು ಸುಮಾರು 132 ಜೌಲ್, ಅಂದರೆ ಗಾರ್ಡಿನ ಮಿತಿಗಿಂತ ಹೆಚ್ಚು. ಒಂದು ತುದಿಯಷ್ಟೇ ಜಾರಿದರೆ ಪೆಟ್ಟು ಕಡಿಮೆ, ಗಾರ್ಡ್ ಸಾಲುತ್ತದೆ. ಹೊರಗೆ ಕಟ್ಟುವ ಗಾರ್ಡಿಗೆ ಇನ್ನೊಂದು ಕುಂದಿದೆ: ಅದರ ಸಂದಿಯಲ್ಲಿ ಕಿಡಿ ಸಿಕ್ಕಿ ಅಲ್ಲೇ ಕುಳಿತುಬಿಡುತ್ತದೆ. ಒಳಗೇ ಹೊಲಿದ ಗಾರ್ಡ್ ಮೇಲು.

ಕರಗಿದ ಲೋಹದ ಹನಿ ಬೂಟಿನೊಳಗೆ ಇಳಿದಾಗ ಲೇಸ್ ಬಿಚ್ಚುತ್ತಾ ಕೂರುವ ಹೊತ್ತಿಲ್ಲ. ಅಷ್ಟರಲ್ಲಿ ನೈಲಾನ್ ಲೇಸ್ ತಾನೇ ಕರಗಿ ಗಂಟಾಗಿರಲೂಬಹುದು. ಆದ್ದರಿಂದ ವೆಲ್ಡರಿಗೆ ಲೇಸಿಲ್ಲದ, ಮೇಲೆ ಎಳೆಕಿವಿಯುಳ್ಳ ಎತ್ತರದ ಚರ್ಮದ ಬೂಟೇ ಸರಿ. ಪ್ಯಾಂಟು ಬೂಟಿನ ಹೊರಗಿರಬೇಕು, ಒಳಗೆ ತುರುಕಿದರೆ ಹನಿಗೆ ದಾರಿ ಮಾಡಿಕೊಟ್ಟಂತೆ. ಅಗ್ನಿಶಾಮಕರ ಲೆಕ್ಕ ಬೇರೆ. ಅವರು ಕ್ಷಣದಲ್ಲಿ ಹಾಕಿಕೊಳ್ಳಬೇಕು, ಕೆಸರಿನಲ್ಲಿ ಬೂಟು ಕಳಚಲೂಬಾರದು. ಲೇಸಿನಲ್ಲಿ ಅಳತೆ ಹೊಂದಿಸಿ, ಮುಂದಿನ ಜಿಪ್‌ನಲ್ಲಿ ತೆಗೆದು ಹಾಕುವ ವಿನ್ಯಾಸ ಎರಡಕ್ಕೂ ಒಗ್ಗುತ್ತದೆ. ಮೊಳೆ ಚುಚ್ಚದಂತೆ ಸೋಲಿನೊಳಗೆ ಉಕ್ಕಿನ ಹಾಳೆಯೂ ಬೇಕು.

ಒಂದೇ ಜೊತೆ ಕೊಳ್ಳುವಷ್ಟು ಹಣವಿರುವ ಗ್ರಿಲ್ ಅಂಗಡಿಯವರು ನೈಟ್ರೈಲ್ ಸೋಲಿನ, ಲೇಸಿಲ್ಲದ ಬೂಟನ್ನೇ ಕೊಳ್ಳಲಿ. ಗಾರ್ಡು ಭಾರದ ಕಬ್ಬಿಣ ಎತ್ತುವವರಿಗೆ ಮೊದಲು ಸಿಗಲಿ.