ತಳ ಗರಿಗರಿ, ನೆತ್ತಿ ಮೆತ್ತಗೆ

ಮೊಮೊ ತಟ್ಟೆಗೆ ಬಂದಾಗ ಎಲ್ಲರೂ ಅದರ ನೆರಿಗೆ ನೋಡುತ್ತಾರೆ. ನನ್ನ ಕಣ್ಣು ಹೋಗುವುದು ತಳಕ್ಕೆ. ಬೀದರಿನಲ್ಲಿ ಸಂಜೆ ನಿಲ್ಲುವ ಗಾಡಿಗಳಲ್ಲಿ ಸಿಗುವುದು ಹೆಚ್ಚಾಗಿ ಹಬೆಯಲ್ಲಿ ಬೆಂದದ್ದು, ಇಲ್ಲವೇ ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದು. ಮೊದಲನೆಯದು ಪೂರಾ ಮೆತ್ತಗೆ, ಎರಡನೆಯದು ಸುತ್ತಲೂ ಗಟ್ಟಿ. ಇವೆರಡರ ನಡುವೆ ನೇಪಾಳಿಗಳು ಕೋಥೆ ಎಂದು ಕರೆಯುವ ಇನ್ನೊಂದು ಬಗೆಯಿದೆ. ಅದರಲ್ಲಿ ತಳವಷ್ಟೇ ಬಾಣಲೆಗೆ ತಾಗಿ ಹುರಿಯುತ್ತದೆ, ಉಳಿದದ್ದು ಹಬೆಯಲ್ಲಿ ಬೇಯುತ್ತದೆ. ಒಂದೇ ತುತ್ತಿನಲ್ಲಿ ಕೆಳಗೆ ಕರಕರ, ಮೇಲೆ ರೇಷ್ಮೆಯಂಥ ಮೆದು, ನಡುವೆ ಬಿಸಿ ರಸ. ನನಗೆ ಇದಕ್ಕಿಂತ ರುಚಿಯಾದ ಮೊಮೊ ಇಲ್ಲ.

ಇದನ್ನು ನಾನು ಮನಸಾರೆ ನೋಡಿದ್ದು ಭಾಲ್ಕಿಯಲ್ಲಿ, ಚಿಕ್ಕವ್ವನ ಅಡುಗೆಮನೆಯಲ್ಲಿ. ಹತ್ತು ಇಂಚಿನ ದಪ್ಪ ತಳದ ಬಾಣಲೆಯನ್ನು ಆಕೆ ಮಧ್ಯಮ ಉರಿಯಲ್ಲಿಟ್ಟು ಒಂದೂವರೆ ದೊಡ್ಡ ಚಮಚ ಎಣ್ಣೆ ಸವರಿದಳು. ಒಳಗೆ ಹಸಿ ಕೋಳಿ ಖೀಮಾ, ಈರುಳ್ಳಿ, ಶುಂಠಿ ತುಂಬಿದ ಹನ್ನೆರಡು ಮೊಮೊಗಳನ್ನು ಒಂದಕ್ಕೊಂದು ತಾಗದಂತೆ ಕೂರಿಸಿ, ಪ್ರತಿಯೊಂದನ್ನೂ ಬೆರಳಿನಿಂದ ಮೆಲ್ಲಗೆ ಅದುಮಿದಳು. ತಳ ಸಪಾಟಾಗಿದ್ದಷ್ಟೂ ಗರಿಯಾಗುವ ಜಾಗ ಹೆಚ್ಚು. ಎರಡು ಮೂರು ನಿಮಿಷಕ್ಕೆ ತಳ ತಿಳಿ ಹೊಂಬಣ್ಣಕ್ಕೆ ತಿರುಗಿತು. ಆಗ ಮುಚ್ಚಳವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಸುಮಾರು 80 ಮಿಲಿಲೀಟರ್ ನೀರನ್ನು ಬಾಣಲೆಯ ಅಂಚಿನಿಂದ ಬಿಟ್ಟು ತಟ್ಟನೆ ಮುಚ್ಚಿದಳು. ಬಿಸಿ ಎಣ್ಣೆಗೆ ನೀರು ಬಿದ್ದರೆ ಸಿಡಿಯುತ್ತದೆ. ಮುಚ್ಚಳ ಹತ್ತಿರದಲ್ಲೇ ಇರಬೇಕಾದ್ದು ಅದಕ್ಕೇ. ಆಮೇಲೆ ಉರಿಯನ್ನು ಸ್ವಲ್ಪ ತಗ್ಗಿಸಿದಳು.

ನಾನು ಮುಚ್ಚಳಕ್ಕೆ ಕೈ ಹಾಕಿದಾಗ ಆಕೆ ಅಂದಳು: “ತೆಗಿಬ್ಯಾಡಪ್ಪಾ, ಹಬಿ ಹೋಗ್ತದ. ಸಪ್ಪಳ ಕೇಳು, ಅದೇ ಹೇಳ್ತದ.”

ಆ ಸಪ್ಪಳದಲ್ಲಿ ಇಡೀ ಕೆಲಸವಿದೆ. ಬಾಣಲೆಯಲ್ಲಿ ನೀರಿರುವವರೆಗೆ ತಳದ ಶಾಖ ನೀರಿನ ಕುದಿಬಿಂದುವಿಗಿಂತ ಹೆಚ್ಚು ಮೇಲೇರುವುದಿಲ್ಲ. ನಮ್ಮ ಬೀದರ್ 600 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅಷ್ಟು ಶಾಖಕ್ಕೆ ಹಿಟ್ಟು ಕೆಂಪಾಗುವುದಿಲ್ಲ, ಆದರೆ ಮುಚ್ಚಳದಡಿಯ ಹಬೆ ಮೇಲಿನ ಹಸಿ ಕಣಕವನ್ನು ಬೇಯಿಸಿ, ಹೂರಣದ ನಡುವಿಗೂ ಇಳಿಯುತ್ತದೆ. ತಳ ಸುಡದೆ ಒಳಗು ಬೇಯುವಷ್ಟು ಹೊತ್ತನ್ನು ಆ ನೀರು ಕೊಡುತ್ತದೆ. ಮೊದಲು ಗಳಗಳ ಎನ್ನುವ ಸದ್ದು ಏಳೆಂಟು ನಿಮಿಷಕ್ಕೆ ಸಣ್ಣದಾಗಿ ಚುರುಚುರು ಎಂದಿತು. ನೀರು ಆರಿ, ಉಳಿದ ಎಣ್ಣೆ ಮತ್ತೆ ಹುರಿಯತೊಡಗಿದೆ ಎಂದರ್ಥ. ಚಿಕ್ಕವ್ವ ಆಗಷ್ಟೇ ಮುಚ್ಚಳ ತೆಗೆದಳು, ಅದರ ಒಳಮೈಯ ಹನಿ ಬಾಣಲೆಗೆ ಬೀಳದಂತೆ ಓರೆಮಾಡಿ. ಇನ್ನೊಂದೆರಡು ನಿಮಿಷ ತೆರೆದ ಬಾಣಲೆಯಲ್ಲಿ ಬಿಟ್ಟಾಗ, ನೆನೆದು ಮೆತ್ತಗಾಗಿದ್ದ ತಳ ಮತ್ತೆ ಗರಿಯಾಯಿತು. ಈ ಕೊನೆಯ ಎರಡು ನಿಮಿಷವನ್ನು ಅವಸರದಲ್ಲಿ ಬಿಟ್ಟುಬಿಡುವವರೇ ಹೆಚ್ಚು.

ಮೊಮೊ ಬಾಣಲೆಗೆ ಅಂಟಿಕೊಂಡಂತೆ ಕಂಡರೆ ಕೆರೆಯಬಾರದು. ತಳ ಸರಿಯಾಗಿ ಗರಿಯಾದರೆ ತಾನೇ ಬಿಡುತ್ತದೆ. ಎಳೆದರೆ ಹರಿದು ರಸವೆಲ್ಲ ಸೋರುತ್ತದೆ. ನೀರು ಹೆಚ್ಚಾದರೆ ಕಣಕ ಅಂಟಂಟಾಗುತ್ತದೆ, ಅದು ಆರುವಷ್ಟರಲ್ಲಿ ಒಳಗಿನ ಮಾಂಸ ಒರಟಾಗಿರುತ್ತದೆ. ಉರಿ ಜೋರಾದರೆ ನೀರು ಮೂರೇ ನಿಮಿಷಕ್ಕೆ ಆವಿಯಾಗಿ, ತಳ ಕಪ್ಪಾದರೂ ನಡುವೆ ಹಸಿಯೇ ಉಳಿಯುತ್ತದೆ. ಸಪ್ಪಳ ಬೇಗ ಬದಲಾಯಿತು ಎನಿಸಿದರೆ ಇನ್ನೆರಡು ಚಮಚ ನೀರು ಬಿಟ್ಟು ಮತ್ತೆ ಮುಚ್ಚಬೇಕು. ಕೋಳಿಯದ್ದಾದರೆ ಒಂದನ್ನು ಮುರಿದು ನೋಡಲೇಬೇಕು: ಒಳಗೆ ಎಲ್ಲೂ ಗುಲಾಬಿ ಬಣ್ಣವಿರಬಾರದು, ರಸ ತಿಳಿಯಾಗಿರಬೇಕು. ಥರ್ಮಾಮೀಟರ್ ಇದ್ದವರಿಗೆ ನಡುವಿನ ಶಾಖ 74 ಡಿಗ್ರಿ ತೋರಿಸಬೇಕು. ಎಲೆಕೋಸಿನದ್ದಾದರೆ ಐದಾರು ನಿಮಿಷ ಸಾಕು. ಆದರೆ ಕೋಸಿಗೆ ಮೊದಲೇ ಉಪ್ಪು ಹಾಕಿ ಹಿಂಡಿರಬೇಕು, ಇಲ್ಲದಿದ್ದರೆ ಅದು ಒಳಗಿನಿಂದಲೇ ನೀರು ಬಿಟ್ಟು ತಳವನ್ನು ನೆನೆಸುತ್ತದೆ.

ಬೀದರಿನಲ್ಲಿ ಹಬೆಯ ಮೊಮೊ ಕಟ್ಟಿಸಿಕೊಂಡು ಔರಾದಿಗೆ ಹೊರಟವರ ಪೊಟ್ಟಣ ಮನೆ ಮುಟ್ಟುವಷ್ಟರಲ್ಲಿ ಆರಿ, ಮೊಮೊ ರಬ್ಬರಿನಂತಾಗಿರುತ್ತದೆ. ಅದಕ್ಕೂ ಇದೇ ಉಪಾಯ. ಬೆಂದೇ ಇರುವುದರಿಂದ ಎಣ್ಣೆಯಲ್ಲಿ ತಳ ಹುರಿದು, ಎರಡೇ ಚಮಚ ನೀರು ಬಿಟ್ಟು, ಎರಡು ಮೂರು ನಿಮಿಷ ಮುಚ್ಚಿದರೆ ಸಾಕು. ಒಳಗಿನವರೆಗೆ ಹೊಗೆಯಾಡುವಷ್ಟು ಬಿಸಿಯಾಗಿರಬೇಕು. ತಟ್ಟೆಗೆ ಬೋರಲು ಹಾಕಿ, ಹೊಂಬಣ್ಣದ ಮಗ್ಗುಲು ಮೇಲಿರಲಿ. ಕೆಂಪು ಚಟ್ನಿ ಪಕ್ಕದಲ್ಲಿರಲಿ, ಮೇಲೆ ಸುರಿದರೆ ಗರಿ ಹೋಗುತ್ತದೆ. ಮೆತ್ತನೆಯ ಮಗ್ಗುಲನ್ನಷ್ಟೇ ಅದ್ದಿ ತಿನ್ನಿ.